ವಿಷಯ: ಮಳಿಗೆ ಬಾಡಿಗೆಗೆ ಜಿಎಸ್‌ಟಿ ನೋಂದಣಿ ವಿವರಗಳಿರುವ ತೆರಿಗೆ ಇನ್‌ವಾಯ್ಸ್ ಕೋರಿ

ದಿನಾಂಕ: 18 ಆಗಸ್ಟ್ 2025

ಮಾನ್ಯರೇ,

ನಿಮ್ಮ ಕಟ್ಟಡದ ನೆಲಮಹಡಿಯ ಮಳಿಗೆಯಲ್ಲಿ ಮುದ್ರಣ ಘಟಕ ನಡೆಸುತ್ತಿರುವ ನಾನು, ಏಪ್ರಿಲ್‌ನಿಂದ ಜುಲೈವರೆಗಿನ ಬಾಡಿಗೆಯನ್ನು ಕರಾರಿನಂತೆ ತಿಂಗಳಿಗೆ ₹40,000 ಮತ್ತು ಅದರ ಮೇಲಿನ ಶೇ 18ರ ಜಿಎಸ್‌ಟಿ ₹7,200 ಸೇರಿಸಿ ಬ್ಯಾಂಕ್ ಮೂಲಕ ಪಾವತಿಸಿದ್ದೇನೆ. ಪ್ರತಿ ಸಲವೂ ನೀವು ತಪ್ಪದೆ ರಶೀದಿ ಕೊಟ್ಟಿದ್ದೀರಿ. ಆದರೆ ಆ ರಶೀದಿಯಲ್ಲಿ ಒಟ್ಟು ಮೊತ್ತ ಮಾತ್ರ ಇದ್ದು, ನಿಮ್ಮ ಜಿಎಸ್‌ಟಿ ಸಂಖ್ಯೆಯಾಗಲಿ ನನ್ನದಾಗಲಿ ಇಲ್ಲದ ಕಾರಣ ನಾಲ್ಕು ತಿಂಗಳ ₹28,800 ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ನಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ವಜಾ ಮಾಡಿಕೊಳ್ಳುವ ಸೌಲಭ್ಯ, ಪಡೆಯಲು ನನಗೆ ಸಾಧ್ಯವಾಗಿಲ್ಲ. ನಮ್ಮಂಥ ಸಣ್ಣ ಘಟಕಕ್ಕೆ ಇದು ಕಾಗದ ಖರೀದಿಗೆ ಬೇಕಾಗುವ ದುಡಿಯುವ ಬಂಡವಾಳ.

ಆದ್ದರಿಂದ ಈ ನಾಲ್ಕು ತಿಂಗಳಿಗೆ ಪ್ರತ್ಯೇಕ ತೆರಿಗೆ ಇನ್‌ವಾಯ್ಸ್‌ಗಳನ್ನು ನೀಡಬೇಕೆಂದು ಕೋರುತ್ತೇನೆ. ಅದರಲ್ಲಿ ನಿಮ್ಮ ಹೆಸರು, ವಿಳಾಸ ಹಾಗೂ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ, ಕ್ರಮವಾಗಿ ಸಾಗುವ ಇನ್‌ವಾಯ್ಸ್ ಸಂಖ್ಯೆ ಮತ್ತು ದಿನಾಂಕ, ನನ್ನ ಘಟಕದ ಹೆಸರು, ವಿಳಾಸ ಮತ್ತು ಜಿಎಸ್‌ಟಿ ಸಂಖ್ಯೆ, ವಾಸೇತರ ಕಟ್ಟಡದ ಬಾಡಿಗೆಗೆ ಅನ್ವಯಿಸುವ ಸೇವಾ ಸಂಕೇತ 997212, ಯಾವ ತಿಂಗಳ ಬಾಡಿಗೆ ಎಂಬ ವಿವರ, ತೆರಿಗೆ ಬಿಟ್ಟ ಮೊತ್ತ, ಕೇಂದ್ರ ಮತ್ತು ರಾಜ್ಯ ಜಿಎಸ್‌ಟಿ ತಲಾ ₹3,600 ಎಂದು ಬೇರೆ ಬೇರೆಯಾಗಿ, ಮತ್ತು ನಿಮ್ಮ ಸಹಿ ಇರಬೇಕು. ನನ್ನ ನೋಂದಣಿ ಪ್ರಮಾಣಪತ್ರದ ಪ್ರತಿಯನ್ನು ಲಗತ್ತಿಸಿದ್ದೇನೆ. ಅದರಲ್ಲಿರುವಂತೆಯೇ ಹೆಸರನ್ನೂ ಸಂಖ್ಯೆಯನ್ನೂ ನಮೂದಿಸಬೇಕು, ಏಕೆಂದರೆ ಒಂದು ಅಂಕಿ ತಪ್ಪಿದರೂ ಕ್ರೆಡಿಟ್ ನನ್ನ ಖಾತೆಗೆ ಬರುವುದಿಲ್ಲ.

ಇನ್‌ವಾಯ್ಸ್ ಕೈಗೆ ಬಂದರಷ್ಟೇ ಸಾಲದು, ನಿಮ್ಮ ಮಾರಾಟ ಮತ್ತು ಸೇವೆಗಳ ವಿವರ ನೀಡುವ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಅದು ನನ್ನ ಸಂಖ್ಯೆಯ ಎದುರು ದಾಖಲಾಗಿ, ನನಗೆ ಸಿಗುವ ಕ್ರೆಡಿಟ್‌ನ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿಕೊಳ್ಳಬೇಕು. ಹಿಂದಿನ ತಿಂಗಳುಗಳ ಬಾಡಿಗೆಯನ್ನು ನೋಂದಣಿ ಇಲ್ಲದ ಗ್ರಾಹಕರಿಗೆ ನೀಡಿದ ಸೇವೆ ಎಂದು ಈಗಾಗಲೇ ತೋರಿಸಿದ್ದರೆ, ಅದನ್ನು ತಿದ್ದುಪಡಿಯ ಮೂಲಕ ಸರಿಪಡಿಸಲು ನಿಮ್ಮ ಲೆಕ್ಕಪರಿಶೋಧಕರಿಗೆ ತಿಳಿಸಿ. ನೀವು ನನ್ನಿಂದ ಪಡೆದ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಿಯೇ ಇರುವುದರಿಂದ, ಈ ತಿದ್ದುಪಡಿಯಿಂದ ನಿಮ್ಮ ಮೇಲೆ ಹೆಚ್ಚುವರಿ ತೆರಿಗೆಯ ಹೊರೆ ಬೀಳದು ಎಂದು ನಾನು ನಂಬಿದ್ದೇನೆ.

ಈ ಹಣಕಾಸು ವರ್ಷದ ಕ್ರೆಡಿಟ್ ಪಡೆಯಲು ಕಾನೂನು 2026ರ ನವೆಂಬರ್ 30ರವರೆಗೆ, ಅಥವಾ ಅದಕ್ಕೂ ಮುಂಚೆ ವಾರ್ಷಿಕ ರಿಟರ್ನ್ ಸಲ್ಲಿಸಿದರೆ ಅಲ್ಲಿಯವರೆಗೆ, ಅವಕಾಶ ಕೊಡುತ್ತದೆ. ಆದರೂ ಅಷ್ಟು ದಿನ ಕಾಯುವ ಸ್ಥಿತಿಯಲ್ಲಿ ನಾನಿಲ್ಲ. ಸೆಪ್ಟೆಂಬರ್ 11ರೊಳಗೆ ಸಲ್ಲಿಸಬೇಕಾದ ಆಗಸ್ಟ್ ತಿಂಗಳ ಜಿಎಸ್‌ಟಿಆರ್-1ರಲ್ಲೇ ಇವು ಸೇರುವಂತೆ, ಆಗಸ್ಟ್ 30ರೊಳಗೆ ಇನ್‌ವಾಯ್ಸ್‌ಗಳನ್ನು ಕಳುಹಿಸಿಕೊಟ್ಟರೆ ಬಹಳ ಉಪಕಾರವಾಗುತ್ತದೆ. ಆಗಸ್ಟ್ ಬಾಡಿಗೆಯಿಂದ ಮುಂದಕ್ಕೆ ಪ್ರತಿ ತಿಂಗಳೂ ರಶೀದಿಯ ಬದಲು ಇದೇ ಮಾದರಿಯ ಇನ್‌ವಾಯ್ಸ್ ನೀಡಬೇಕೆಂದೂ ವಿನಂತಿಸುತ್ತೇನೆ. ನಮೂನೆ ಸಿದ್ಧಪಡಿಸಲು ನೆರವು ಬೇಕಿದ್ದರೆ ನನ್ನ ಲೆಕ್ಕ ಬರೆಯುವವರನ್ನು ನಿಮ್ಮಲ್ಲಿಗೆ ಕಳುಹಿಸಿಕೊಡುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ನೆಲಮಹಡಿ ಮಳಿಗೆಯ ಬಾಡಿಗೆದಾರ

ಲಗತ್ತು: ಜಿಎಸ್‌ಟಿ ನೋಂದಣಿ ಪ್ರಮಾಣಪತ್ರದ ಪ್ರತಿ, ನಾಲ್ಕು ತಿಂಗಳ ಬ್ಯಾಂಕ್ ಪಾವತಿ ವಿವರ