ಪರಿಷ್ಕೃತ ದರಪಟ್ಟಿ: ಆಲೆಮನೆಯ ಸ್ಟೇನ್‌ಲೆಸ್ ಸ್ಟೀಲ್ ಕೊಪ್ಪರಿಗೆ ಮತ್ತು ತೊಟ್ಟಿ

ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು
ದಿನಾಂಕ: 14 ಮಾರ್ಚ್ 2022, ಸೋಮವಾರ

ಗೆ,
ಆಲೆಮನೆ ಮಾಲೀಕರು,
ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ

ಉಲ್ಲೇಖ: ದರಪಟ್ಟಿ ಸಂಖ್ಯೆ 117/2021-22, ದಿನಾಂಕ 3 ಫೆಬ್ರವರಿ 2022; ಹಾಗೂ ಮಾರ್ಚ್ 11ರ ಶುಕ್ರವಾರ ನಾವು ಫೋನಿನಲ್ಲಿ ಮಾತನಾಡಿದ್ದು.

ಮಾನ್ಯ ಗೌಡರಿಗೆ ನಮಸ್ಕಾರಗಳು.

ಶುಕ್ರವಾರ ನೀವು ಫೋನ್ ಮಾಡಿ ಕೆಲಸ ಶುರು ಮಾಡಿ ಎಂದಾಗ ನನಗೆ ಸಂತೋಷವಾಯಿತು. ಆದರೆ ಫೆಬ್ರವರಿಯಲ್ಲಿ ಬರೆದುಕೊಟ್ಟ ₹2,69,429ಕ್ಕೆ ಈಗ ಈ ಕೆಲಸ ಮಾಡಿಕೊಡಲು ಆಗುತ್ತಿಲ್ಲ. ಹೊಸ ದರ ಜಿಎಸ್‌ಟಿ ಸೇರಿ ₹3,03,201. ಈ ದರ ಮಾರ್ಚ್ 19ರ ಶನಿವಾರ ಸಂಜೆ 5 ಗಂಟೆಯವರೆಗೆ ಮಾತ್ರ ಇರುತ್ತದೆ. ₹33,772 ಹೆಚ್ಚಾಗಿದ್ದು ಎಲ್ಲಿಂದ ಎಂಬುದನ್ನು ಕೆಳಗೆ ಬಿಡಿಬಿಡಿಯಾಗಿ ಬರೆದಿದ್ದೇನೆ.

ಹಳೆಯ ದರಪಟ್ಟಿಗೆ ಮೂವತ್ತು ದಿನಗಳ ಅವಧಿ ಇತ್ತು. ಅದು ಮಾರ್ಚ್ 5ಕ್ಕೆ ಮುಗಿದಿದೆ. ಆದರೂ ಅದನ್ನೇ ಹಿಡಿದು ನಾನು ಮಾತನಾಡುವುದಿಲ್ಲ. ಫೆಬ್ರವರಿ ಕೊನೆಯಲ್ಲಿ ದರ ಏರತೊಡಗಿದಾಗಲೇ ನಿಮಗೆ ಒಂದು ಮಾತು ತಿಳಿಸಬೇಕಿತ್ತು. ನಾಲ್ಕು ದಿನದಲ್ಲಿ ಇಳಿದೀತು ಎಂದು ಕಾದೆ, ಇಳಿಯಲಿಲ್ಲ. ತಿಳಿಸದೆ ಇದ್ದದ್ದಕ್ಕೆ ಕ್ಷಮೆ ಇರಲಿ.

ನೀವು ಕೇಳಿರುವುದು 304 ದರ್ಜೆಯ ಸ್ಟೀಲ್. ಅದರಲ್ಲಿ ಶೇ. 18ರಷ್ಟು ಕ್ರೋಮಿಯಂ, ಶೇ. 8ರಷ್ಟು ನಿಕ್ಕಲ್ ಇರುತ್ತದೆ. ನಿಮ್ಮ ಕೆಲಸಕ್ಕೆ ಬೇಕಾದ 690 ಕಿಲೋ ಹಾಳೆಯಲ್ಲಿ ಹತ್ತಿರ ಹತ್ತಿರ 55 ಕಿಲೋ ನಿಕ್ಕಲ್ಲೇ ಇದೆ ಎಂದಾಯಿತು. ನಿಕ್ಕಲ್ ಉತ್ಪಾದನೆಯಲ್ಲಿ ರಷ್ಯಾ ದೊಡ್ಡ ದೇಶ. ಫೆಬ್ರವರಿ 24ರಂದು ಉಕ್ರೇನ್ ಮೇಲೆ ಯುದ್ಧ ಶುರುವಾದ ಮೇಲೆ ಅದರ ಬೆಲೆ ಹಿಡಿತಕ್ಕೆ ಸಿಗದೆ ಹೋಯಿತು. ಫೆಬ್ರವರಿ ಆರಂಭದಲ್ಲಿ ಟನ್ನಿಗೆ ಸುಮಾರು 23,000 ಡಾಲರ್ ಇದ್ದದ್ದು ಕಳೆದ ಮಂಗಳವಾರ, ಮಾರ್ಚ್ 8ರಂದು, ಒಂದು ಲಕ್ಷ ಡಾಲರ್ ದಾಟಿತು. ಲಂಡನ್ನಿನ ಲೋಹ ವಿನಿಮಯ ಕೇಂದ್ರ ಅಂದೇ ನಿಕ್ಕಲ್ ವಹಿವಾಟನ್ನು ನಿಲ್ಲಿಸಿತು. ಆ ವಹಿವಾಟು ಇಂದಿಗೂ ಮತ್ತೆ ಶುರುವಾಗಿಲ್ಲ. ಪಾಂಡವಪುರದ ಕೊಪ್ಪರಿಗೆಗೂ ಲಂಡನ್ನಿಗೂ ಏನು ನಂಟು ಎಂದು ನಿಮಗೆ ಅನ್ನಿಸಬಹುದು. ಪೀಣ್ಯದ ಡೀಲರ್ ಬೆಳಿಗ್ಗೆ ನನಗೆ ಹೇಳುವ ದರ ಅಲ್ಲಿಂದಲೇ ಹೊರಡುತ್ತದೆ. ಆ ಒಂದು ದಿನದ ಲಕ್ಷ ಡಾಲರಿನ ಲೆಕ್ಕವನ್ನು ಅವರೂ ನಮ್ಮ ಮೇಲೆ ಹಾಕಿಲ್ಲ. ಆದರೆ ಫೆಬ್ರವರಿ 3ರಂದು ಕಿಲೋಗೆ ₹235 ಇದ್ದ ಹಾಳೆಗೆ ಇಂದು ₹284 ಹೇಳಿದ್ದಾರೆ. ಮೈಸೂರಿನಲ್ಲೂ ಇಬ್ಬರನ್ನು ವಿಚಾರಿಸಿದೆ, ಇದಕ್ಕಿಂತ ಕಡಿಮೆಗೆ ಎಲ್ಲೂ ಸಿಗಲಿಲ್ಲ.

ಲೆಕ್ಕ ಹೀಗಿದೆ:

304 ಹಾಳೆ, 690 ಕಿಲೋ: ಹಿಂದೆ ₹1,62,150, ಈಗ ₹1,95,960
ವೆಲ್ಡಿಂಗ್ ಕಡ್ಡಿ, 9 ಕಿಲೋ: ಹಿಂದೆ ₹4,680, ಈಗ ₹5,490
ಆರ್ಗಾನ್ ಗ್ಯಾಸ್, ಗ್ರೈಂಡಿಂಗ್ ಸಾಮಾನು: ₹8,500, ಬದಲಾವಣೆ ಇಲ್ಲ
ಮಜೂರಿ ಮತ್ತು ನಮ್ಮ ಲಾಭ: ಹಿಂದೆ ₹46,000, ಈಗ ₹40,000
ಸಾಗಣೆ, ಒಲೆಯ ಮೇಲೆ ಕೂರಿಸುವುದು: ₹7,000, ಬದಲಾವಣೆ ಇಲ್ಲ
ಒಟ್ಟು: ಹಿಂದೆ ₹2,28,330, ಈಗ ₹2,56,950
ಜಿಎಸ್‌ಟಿ ಶೇ. 18: ಹಿಂದೆ ₹41,099, ಈಗ ₹46,251
ಕೊಡಬೇಕಾದ ಮೊತ್ತ: ಹಿಂದೆ ₹2,69,429, ಈಗ ₹3,03,201

ಮಜೂರಿ ಸಾಲಿನಲ್ಲಿ ಕಡಿಮೆಯಾಗಿರುವ ₹6,000 ನನ್ನ ಲಾಭದಿಂದ ಬಿಟ್ಟದ್ದು, ಹುಡುಗರ ಕೂಲಿಯಿಂದ ಅಲ್ಲ. ಅದಕ್ಕಿಂತ ಹೆಚ್ಚು ಬಿಟ್ಟರೆ ಕೆಲಸದಲ್ಲಿ ಎಲ್ಲೋ ಒಂದು ಕಡೆ ಕೈ ಬಿಗಿ ಹಿಡಿಯಬೇಕಾಗುತ್ತದೆ. ಅದು ನನಗೆ ಇಷ್ಟವಿಲ್ಲ.

ಹಣ ಉಳಿಸಲು ಒಂದು ಒಳ್ಳೆಯ ದಾರಿ ಇದೆ. ಏಳು ಅಡಿ ಅಗಲದ ಎರಡೂ ಕೊಪ್ಪರಿಗೆಗಳಿಗೆ ನೀವು ತಳ, ಗೋಡೆ ಎರಡೂ 4 ಮಿಲಿಮೀಟರ್ ದಪ್ಪ ಕೇಳಿದ್ದಿರಿ. ಒಲೆಯ ಬೆಂಕಿ ನೇರವಾಗಿ ಬಡಿಯುವುದು ತಳಕ್ಕೆ. ಅಲ್ಲಿ 4 ಮಿಲಿಮೀಟರ್ ಇರಲೇಬೇಕು, ತೆಳುವಾದರೆ ಒಂದೇ ಹಂಗಾಮಿನಲ್ಲಿ ಉಬ್ಬುತ್ತದೆ, ಪಾಕ ತಳ ಹಿಡಿಯುತ್ತದೆ. ಗೋಡೆಗೆ ಆ ಕಷ್ಟವಿಲ್ಲ, ಅದು ಕುದಿಯುವ ಕಬ್ಬಿನ ಹಾಲನ್ನು ತಡೆದು ನಿಂತರೆ ಸಾಕು. ಗೋಡೆಯನ್ನು 3 ಮಿಲಿಮೀಟರ್ ಮಾಡಿ ಮೇಲಿನ ಅಂಚಿಗೆ ಈಗಿನಂತೆಯೇ ಪಟ್ಟಿ ಕೊಟ್ಟರೆ 56 ಕಿಲೋ ಹಾಳೆ ಉಳಿಯುತ್ತದೆ. ಆಗ ಜಿಎಸ್‌ಟಿ ಸೇರಿ ಒಟ್ಟು ₹2,84,434 ಆಗುತ್ತದೆ. ನನ್ನದೇ ಆಲೆಮನೆಯಾಗಿದ್ದರೆ ನಾನು ಇದನ್ನೇ ಮಾಡಿಸುತ್ತಿದ್ದೆ.

202 ದರ್ಜೆಯಲ್ಲಿ ಮಾಡಿದರೆ ಇನ್ನೂ ಅಗ್ಗ ಎಂದು ಯಾರಾದರೂ ನಿಮಗೆ ಹೇಳಿಯಾರು. ಅಗ್ಗ ಎಂಬುದು ನಿಜ. ಅದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚು ಹಾಕಿರುತ್ತಾರೆ. ಹೊಸದರಲ್ಲಿ ಎರಡನ್ನೂ ಪಕ್ಕದಲ್ಲಿಟ್ಟರೆ ಕಣ್ಣಿಗೆ ಒಂದೇ. ಆದರೆ ಕಬ್ಬಿನ ಹಾಲಿನಲ್ಲಿ ಹುಳಿಯ ಅಂಶ ಇದೆ, ತೊಟ್ಟಿಯಲ್ಲಿ ರಾತ್ರಿಯಿಡೀ ನಿಂತರೆ ಹುಳಿ ಇನ್ನೂ ಏರುತ್ತದೆ. ಬೆಸುಗೆಯ ಪಕ್ಕದಲ್ಲೇ ಮೊದಲು ತುಕ್ಕಿನ ಚುಕ್ಕೆ ಕಾಣಿಸಿಕೊಳ್ಳುತ್ತದೆ. ನೀವು ರಾಸಾಯನಿಕ ಹಾಕದ ಬೆಲ್ಲ ಮಾಡಿ ಮಾರಬೇಕೆಂದು ಇಷ್ಟು ಖರ್ಚಿಗೆ ಕೈ ಹಾಕಿದ್ದೀರಿ. ಅದಕ್ಕೆ 202ರ ಕೊಪ್ಪರಿಗೆ ಮಾಡಿಕೊಡಲು ನನಗೆ ಮನಸ್ಸಿಲ್ಲ. ಸಾವಿರ ಲೀಟರಿನ ಹಾಲಿನ ತೊಟ್ಟಿ, ಪಾಕ ಆರಿಸುವ ತಟ್ಟೆ ಎರಡೂ 2 ಮಿಲಿಮೀಟರ್ ದಪ್ಪದ 304ರಲ್ಲೇ ಇರುತ್ತವೆ, ಅವುಗಳಲ್ಲಿ ಬದಲಾವಣೆ ಇಲ್ಲ.

ಅವಧಿಯ ವಿಷಯ. ಹಿಂದೆ ಮೂವತ್ತು ದಿನ ಕೊಟ್ಟವನು ಈಗ ಐದೇ ದಿನ ಕೊಡುತ್ತಿದ್ದೇನೆ, ಏಕೆಂದರೆ ಡೀಲರ್ ನನಗೆ ದರ ಹಿಡಿದಿಟ್ಟುಕೊಂಡಿರುವುದೇ ಅಷ್ಟು ದಿನ. ಮಾರ್ಚ್ 19 ದಾಟಿದರೆ ಹಾಳೆ ಕೊಳ್ಳುವ ದಿನದ ದರವನ್ನೇ ಹಾಕಬೇಕಾಗುತ್ತದೆ. ನಾನು ಕೊಳ್ಳುವ ದಿನ ದರ ₹284ಕ್ಕಿಂತ ಕೆಳಗೆ ಇಳಿದಿದ್ದರೆ ಇಳಿದಷ್ಟೂ ನಿಮ್ಮ ಬಿಲ್ಲಿನಲ್ಲಿ ಕಡಿಮೆಯಾಗುತ್ತದೆ. ಹಾಳೆಯ ಖರೀದಿ ಬಿಲ್ಲಿನ ಪ್ರತಿ ಮತ್ತು ತೂಕದ ಚೀಟಿಯನ್ನು ನಿಮಗೆ ಕೊಡುತ್ತೇನೆ.

ಮುಂಗಡ ಹಿಂದೆ ಶೇ. 40 ಕೇಳಿದ್ದೆ, ಈಗ ಶೇ. 60 ಬೇಕಾಗುತ್ತದೆ: ₹1,82,000. ಗೋಡೆ 3 ಮಿಲಿಮೀಟರ್ ಆದರೆ ₹1,71,000 ಸಾಕು. ಡೀಲರ್ ಈಗ ಉದ್ದರಿ ಕೊಡುತ್ತಿಲ್ಲ, ಹಣ ಕಟ್ಟಿದ ಮೇಲೆಯೇ ಹಾಳೆ ಲಾರಿ ಹತ್ತುತ್ತದೆ. ಉಳಿದ ಹಣವನ್ನು ಕೊಪ್ಪರಿಗೆ ಒಲೆಯ ಮೇಲೆ ಕೂತು, ನೀರು ತುಂಬಿಸಿ ಸೋರುವುದಿಲ್ಲ ಎಂದು ನೀವು ನೋಡಿದ ಮೇಲೆ ಕೊಟ್ಟರೆ ಸಾಕು. ಬೆಸುಗೆಗೆ ಒಂದು ವರ್ಷದ ಜವಾಬ್ದಾರಿ ಹಿಂದೆ ಹೇಳಿದಂತೆಯೇ ನನ್ನದು.

ಯುಗಾದಿಗೆ ಹೊಸ ಒಲೆ ಹಚ್ಚಬೇಕೆಂದು ನೀವು ಹೇಳಿದ್ದು ನೆನಪಿದೆ. ಹಬ್ಬ ಏಪ್ರಿಲ್ 2ಕ್ಕೆ. ಬುಧವಾರ, ಮಾರ್ಚ್ 16ರೊಳಗೆ ಮುಂಗಡ ಬಂದರೆ ಮಾರ್ಚ್ 31ರ ಗುರುವಾರ ಸಾಮಾನು ನಿಮ್ಮ ಆಲೆಮನೆಯಲ್ಲಿ ಇರುತ್ತದೆ. ಶನಿವಾರ ಬಂದರೆ ಏಪ್ರಿಲ್ 4ರ ಸೋಮವಾರವೇ ಆಗುವುದು, ಅದಕ್ಕೂ ಮೊದಲು ಮುಗಿಸುತ್ತೇನೆ ಎಂದು ಸುಳ್ಳು ಹೇಳಲಾರೆ.

ಗೋಡೆ 4 ಮಿಲಿಮೀಟರೋ 3 ಮಿಲಿಮೀಟರೋ ಎಂಬುದನ್ನು ಈ ಪತ್ರದ ಮೇಲೆಯೇ ಬರೆದು, ಸಹಿ ಹಾಕಿ, ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ. ಈ ದರ ಹೊಂದದೆ ಕೆಲಸವನ್ನು ಸದ್ಯಕ್ಕೆ ಮುಂದಕ್ಕೆ ಹಾಕುವುದಾದರೂ ಸಂಕೋಚವಿಲ್ಲದೆ ತಿಳಿಸಿ. ನಿಮ್ಮ ಒಲೆಯ ಅಳತೆ ನನ್ನಲ್ಲಿ ಭದ್ರವಾಗಿದೆ, ದರ ಇಳಿದ ದಿನ ನಾನೇ ಫೋನ್ ಮಾಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಮಾಲೀಕರು, ಫ್ಯಾಬ್ರಿಕೇಶನ್ ವರ್ಕ್‌ಶಾಪ್
ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು