ಹೃದಯ ಶಸ್ತ್ರಚಿಕಿತ್ಸೆಗೆ ಧನಸಹಾಯ ಕೋರಿ ಅರ್ಜಿ

ಹೆತ್ತೂರು ಹೋಬಳಿ, ಸಕಲೇಶಪುರ ತಾಲ್ಲೂಕು
10 ನವೆಂಬರ್ 2025

ಗೆ,
ಕಾರ್ಯದರ್ಶಿಗಳು ಹಾಗೂ ಟ್ರಸ್ಟಿಗಳು,
ವೈದ್ಯಕೀಯ ನೆರವಿನ ವಿಭಾಗ, ಹಾಸನ

ವಿಷಯ: ನನ್ನ ಹೆಂಡತಿ ಸಾವಿತ್ರಿಯ ಹೃದಯದ ಕವಾಟ ಬದಲಿಸುವ ಆಪರೇಷನ್‌ಗೆ ಕಡಿಮೆ ಬಿದ್ದಿರುವ 68,000 ರೂಪಾಯಿ ಕೋರಿ.

ಮಾನ್ಯರೇ,

ನಾನು ರಂಗಸ್ವಾಮಿ, ವಯಸ್ಸು 41. ಇಲ್ಲಿನ ಒಂದು ಕಾಫಿ ತೋಟದಲ್ಲಿ 14 ವರ್ಷದಿಂದ ರೈಟರ್ ಆಗಿದ್ದೇನೆ. ಆಳುಗಳ ಹಾಜರಿ, ಹಣ್ಣಿನ ತೂಕ, ಬಟವಾಡೆ ಲೆಕ್ಕ ಬರೆಯುವುದು ನನ್ನ ಕೆಲಸ. ಇರುವುದು ತೋಟದ ಲೈನ್ ಮನೆಯಲ್ಲಿ. ಮಗಳು 8ನೇ ತರಗತಿ, ಮಗ 4ನೇ ತರಗತಿ. ನನ್ನ ತಾಯಿಯೂ ನಮ್ಮ ಜೊತೆಗೇ ಇದ್ದಾರೆ.

ಸಾವಿತ್ರಿಗೆ 34 ವರ್ಷ. ಚಿಕ್ಕವಳಿದ್ದಾಗ ಜ್ವರ ಬಂದು ಕೀಲುಗಳೆಲ್ಲ ಊದಿಕೊಂಡಿದ್ದವಂತೆ. ಆಗ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಆ ಜ್ವರವೇ ಹೃದಯದ ಕವಾಟ ಕೆಡಿಸಿದೆ ಎಂದು ಈಗ ವೈದ್ಯರು ಹೇಳುತ್ತಾರೆ. ಎರಡು ವರ್ಷದ ಹಿಂದಿನವರೆಗೂ ಕೊಯ್ಲಿನಲ್ಲಿ ಎಲ್ಲರಿಗಿಂತ ಜಾಸ್ತಿ ಹಣ್ಣು ಬಿಡಿಸುತ್ತಿದ್ದವಳು. ಅವಳ ತೂಕ ನಾನೇ ಬರೆದುಕೊಳ್ಳುತ್ತಿದ್ದೆ. ಹೋದ ವರ್ಷ ಅರ್ಧಕ್ಕೆ ಇಳಿಯಿತು. ಈಗ ಬಾವಿಯಿಂದ ಮನೆಗೆ ಏರು ಹತ್ತಲು ಮೂರು ಸಲ ಕೂರುತ್ತಾಳೆ. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿಕೊಂಡೇ ನಿದ್ದೆ ಮಾಡುತ್ತಾಳೆ.

ಹಾಸನದ ಸರ್ಕಾರಿ ಆಸ್ಪತ್ರೆಯಲ್ಲಿ ಎಕೋ ಮಾಡಿ, ಮೈಸೂರಿಗೆ ರೆಫರ್ ಮಾಡಿದರು. ಮೈಟ್ರಲ್ ಕವಾಟದ ಬಾಯಿ 4ರಿಂದ 6 ಚದರ ಸೆಂಟಿಮೀಟರ್ ಇರಬೇಕಂತೆ. ಸಾವಿತ್ರಿಯದು 0.8ಕ್ಕೆ ಇಳಿದಿದೆ. ಬಲೂನ್ ಹಾಕಿ ಹಿಗ್ಗಿಸಬಹುದೇನೋ ಎಂದು ಆಸೆಯಿಂದ ಹೋಗಿದ್ದೆವು. ಆದರೆ ಕವಾಟದಲ್ಲಿ ಸುಣ್ಣ ಕಟ್ಟಿದೆ, ಸೋರಿಕೆಯೂ ಇದೆ, ಹಾಗಾಗಿ ಬಲೂನ್ ಆಗುವುದಿಲ್ಲ, ಕವಾಟವನ್ನೇ ಬದಲಿಸಬೇಕು ಎಂದರು. ಪ್ರಾಣಿಯ ಅಂಗಾಂಶದ ಕವಾಟ ಹಾಕಿದರೆ ಕೆಲವು ವರ್ಷಕ್ಕೆ ಮತ್ತೆ ಆಪರೇಷನ್ ಬೇಕಾಗುತ್ತದೆ. ಈ ವಯಸ್ಸಿಗೆ ಲೋಹದ ಕವಾಟವೇ ಸರಿ ಎಂಬುದು ವೈದ್ಯರ ಸಲಹೆ. ಅದಕ್ಕೆ ಜೀವನಪೂರ್ತಿ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು, ಆಗಾಗ ಐ.ಎನ್.ಆರ್. ಪರೀಕ್ಷೆ ಮಾಡಿಸುತ್ತಿರಬೇಕು. ಆ ಖರ್ಚು ನನ್ನ ಸಂಬಳದಲ್ಲಿ ನಡೆಯುತ್ತದೆ, ಅದನ್ನು ನಿಮ್ಮಲ್ಲಿ ಕೇಳುತ್ತಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲೂ ವಿಚಾರಿಸಿದೆ. ಸರದಿ ಬರುವಾಗ ಫೆಬ್ರವರಿ ಆಗಬಹುದು ಎಂದರು. ಅಷ್ಟು ದಿನ ಕಾಯಬೇಡಿ ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದರಿಂದ ಮೈಸೂರಿನ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ 9 ಡಿಸೆಂಬರ್ 2025ಕ್ಕೆ ದಿನ ಗೊತ್ತು ಮಾಡಿದ್ದೇವೆ. ಅವರು ಸಹಿ, ಸೀಲು ಹಾಕಿ ಕೊಟ್ಟ ಅಂದಾಜು ಪಟ್ಟಿ ಹೀಗಿದೆ:

ಸರ್ಜನ್, ಅರಿವಳಿಕೆ, ಆಪರೇಷನ್ ಥಿಯೇಟರ್: 1,05,000
ಲೋಹದ ಕವಾಟ: 58,000
ಹಾರ್ಟ್-ಲಂಗ್ ಮಷೀನಿನ ಸಾಮಗ್ರಿ: 27,000
ಐ.ಸಿ.ಯು. 3 ದಿನ: 24,000
ಜನರಲ್ ವಾರ್ಡ್ 6 ದಿನ: 9,000
ಔಷಧಿ: 22,000
ರಕ್ತ ಪರೀಕ್ಷೆ, ಎಕೋ, ಎಕ್ಸ್‌ರೇ: 10,000
ಒಟ್ಟು: 2,55,000 ರೂಪಾಯಿ

ರಕ್ತಕ್ಕೆ ದುಡ್ಡು ಹಿಡಿದಿಲ್ಲ. ತೋಟದ ನಾಲ್ಕು ಹುಡುಗರು ಬಂದು ಕೊಡುತ್ತೇವೆ ಎಂದಿದ್ದಾರೆ.

ಇನ್ನು ಆದಾಯದ ಮಾತು. ನನ್ನ ಸಂಬಳ ತಿಂಗಳಿಗೆ 16,500. ಪಿ.ಎಫ್. 1,800 ಕಳೆದು ಕೈಗೆ 14,700 ಬರುತ್ತದೆ. ವರ್ಷಕ್ಕೊಮ್ಮೆ 12,000 ಬೋನಸ್. ಹೀಗಾಗಿ ವರ್ಷದ ಒಟ್ಟು ಆದಾಯ 2,10,000, ನಾಡಕಚೇರಿಯ ಆದಾಯ ಪ್ರಮಾಣ ಪತ್ರದಲ್ಲೂ ಅಷ್ಟೇ ಇದೆ. ಸ್ವಲ್ಪ ಕಡಿಮೆ ಬರೆಸಬಹುದಿತ್ತಲ್ಲ ಎಂದು ಹೇಳಿದವರೂ ಇದ್ದಾರೆ. ದಿನಾ ಬೇರೆಯವರ ತೂಕ ಬರೆಯುವವನು ನಾನು, ನನ್ನದನ್ನೇ ತಪ್ಪು ಬರೆಸಲು ಮನಸ್ಸು ಬರಲಿಲ್ಲ. ತಂದೆಯ ಹೆಸರಿನಲ್ಲಿ 20 ಗುಂಟೆ ಗದ್ದೆ ಇದೆ. ಆನೆ ಕಾಟದಿಂದ ಮೂರು ವರ್ಷವಾಯಿತು ನಾಟಿ ಬಿಟ್ಟು. ಅದರಿಂದ ಬರುವುದು ಏನೂ ಇಲ್ಲ, ಆದರೂ ಪಹಣಿ ಇಟ್ಟಿದ್ದೇನೆ.

ಬಿ.ಪಿ.ಎಲ್. ಕಾರ್ಡಿಗೆ ವರ್ಷದ ಆದಾಯದ ಮಿತಿ 1,20,000. ನಮ್ಮದು ಅದಕ್ಕಿಂತ ಜಾಸ್ತಿ ಇರುವುದರಿಂದ ಎ.ಪಿ.ಎಲ್. ಕಾರ್ಡ್. ಬಿ.ಪಿ.ಎಲ್. ಇದ್ದಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತಿತ್ತು. ಎ.ಪಿ.ಎಲ್.ನವರಿಗೆ ಸಿಗುವುದು ಸರ್ಕಾರದ ಪ್ಯಾಕೇಜ್ ದರದ ಶೇ 30 ಮಾತ್ರ. ಆಸ್ಪತ್ರೆಯ ಕೌಂಟರಿನಲ್ಲಿ ಲೆಕ್ಕ ಹಾಕಿ 39,000 ಎಂದು ಬರೆದುಕೊಟ್ಟಿದ್ದಾರೆ. ನಮ್ಮ ತೋಟಕ್ಕೆ ಇ.ಎಸ್.ಐ. ಇಲ್ಲ. ಯಶಸ್ವಿನಿ ಸೇರಿರಲಿಲ್ಲ. ಅದು ನನ್ನದೇ ಉದಾಸೀನ.

ನಾವು ಹೊಂದಿಸಿರುವುದು ಇಷ್ಟು. ಸರ್ಕಾರದ ಯೋಜನೆಯಿಂದ 39,000. ತೋಟದ ಸಾಹುಕಾರರು ಕೊಟ್ಟ ಮುಂಗಡ 40,000, ಇದನ್ನು ಜನವರಿಯಿಂದ ತಿಂಗಳಿಗೆ 2,000ದಂತೆ ಸಂಬಳದಲ್ಲಿ ಹಿಡಿಯುತ್ತಾರೆ. ಸಾವಿತ್ರಿಯ ಸರ, ಓಲೆ ಸೊಸೈಟಿಯಲ್ಲಿ ಅಡ ಇಟ್ಟು 62,000. ಸ್ತ್ರೀಶಕ್ತಿ ಸಂಘದ ಸಾಲ 20,000. ಅವಳ ಅಣ್ಣ ಕೊಟ್ಟಿದ್ದು 15,000. ನಮ್ಮ ಉಳಿತಾಯ 11,000. ಎಲ್ಲ ಸೇರಿ 1,87,000. ಉಳಿದ 68,000ಕ್ಕೆ ದಾರಿ ಕಾಣುತ್ತಿಲ್ಲ. ಬಡ್ಡಿಗೆ ತರಬಹುದು, ಕೊಡುವವರು ಸಕಲೇಶಪುರದಲ್ಲಿ ಇದ್ದಾರೆ. ಆದರೆ ಮುಂಗಡ, ಸಂಘದ ಕಂತು, ಮಾತ್ರೆ ಕಳೆದ ಮೇಲೆ ಆ ಬಡ್ಡಿ ಕಟ್ಟಲು ಏನೂ ಉಳಿಯುವುದಿಲ್ಲ.

ಪೂರ್ತಿ ಮೊತ್ತ ಕೊಡಲು ಆಗದಿದ್ದರೆ ಎಷ್ಟಾಗುತ್ತದೋ ಅಷ್ಟು ಕೊಡಿ. ಹಣವನ್ನು ನನ್ನ ಕೈಗೆ ಕೊಡುವುದು ಬೇಡ, ನೇರವಾಗಿ ಆಸ್ಪತ್ರೆಯ ಖಾತೆಗೆ ಹಾಕಿ. ಅವಳ ಹೊರರೋಗಿ ಸಂಖ್ಯೆ ಅಂದಾಜು ಪಟ್ಟಿಯ ಮೇಲಿದೆ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೂ ಅರ್ಜಿ ಹಾಕಿದ್ದೇನೆ. ಅದನ್ನು ಮುಚ್ಚಿಡುವುದು ಸರಿಯಲ್ಲ ಅಲ್ವಾ. ಅಲ್ಲಿಂದ ಹಣ ಬಂದರೆ, ಬಂದಷ್ಟನ್ನು ನಿಮಗೆ ಹಿಂತಿರುಗಿಸುತ್ತೇನೆ, ಇನ್ನೊಬ್ಬರಿಗೆ ಉಪಯೋಗವಾಗಲಿ. ಆಪರೇಷನ್ ಮುಗಿದ ಮೇಲೆ ಕೊನೆಯ ಬಿಲ್ ಮತ್ತು ಡಿಸ್ಚಾರ್ಜ್ ಚೀಟಿ ತಂದು ಒಪ್ಪಿಸುತ್ತೇನೆ.

7ನೇ ತಾರೀಖು ಭಾನುವಾರ ಅಡ್ಮಿಟ್ ಮಾಡಬೇಕು. ಆ ಹೊತ್ತಿಗೆ ಆಸ್ಪತ್ರೆಗೆ ನಿಮ್ಮ ಒಂದು ಪತ್ರ ತಲುಪಿದರೂ ಸಾಕು, ಹಣ ಆಮೇಲೆ ಬಂದರೆ ನಡೆಯುತ್ತದೆ ಎಂದು ಬಿಲ್ಲಿಂಗ್‌ನವರು ಒಪ್ಪಿದ್ದಾರೆ. ವಿಚಾರಣೆಗೆ ಯಾರನ್ನಾದರೂ ಮನೆಗೆ ಕಳಿಸುವುದಾದರೆ ದಯವಿಟ್ಟು ಕಳಿಸಿ. ಈಗ ಅರೇಬಿಕಾ ಕೊಯ್ಲು ಶುರುವಾಗಿದೆ, ನಾನು ಹಗಲೆಲ್ಲ ತೋಟದಲ್ಲೇ ಇರುತ್ತೇನೆ. ಸಂಜೆ ಐದರ ಮೇಲೆ ಮನೆಯಲ್ಲಿ ಸಿಗುತ್ತೇನೆ. ಕಾಡಿನ ದಾರಿ, ಆನೆ ಓಡಾಟ ಇದೆ. ಕತ್ತಲಾಗುವ ಮೊದಲು ವಾಪಸ್ ಹೊರಡುವ ಹಾಗೆ ಬಂದರೆ ಒಳ್ಳೆಯದು. ಮೊದಲೇ ತಿಳಿಸಿದರೆ ಬಸ್ ನಿಲ್ಲುವ ಜಾಗಕ್ಕೆ ನಾನೇ ಬರುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ರಂಗಸ್ವಾಮಿ

ಲಗತ್ತು: ಆಸ್ಪತ್ರೆಯ ಅಂದಾಜು ಪಟ್ಟಿ (ಮೂಲ ಪ್ರತಿ), ಎಕೋ ವರದಿ, ರೆಫರಲ್ ಚೀಟಿ, ನಾಡಕಚೇರಿಯ ಆದಾಯ ಪ್ರಮಾಣ ಪತ್ರ, ಕಳೆದ ಮೂರು ತಿಂಗಳ ಸಂಬಳ ಚೀಟಿ, ಆರು ತಿಂಗಳ ಪಾಸ್‌ಬುಕ್ ಪುಟಗಳು, ರೇಷನ್ ಕಾರ್ಡ್, ಇಬ್ಬರ ಆಧಾರ್, ಪಹಣಿ, ಸೊಸೈಟಿಯ ಅಡವಿನ ರಸೀದಿ, ತೋಟದ ಮುಂಗಡದ ಚೀಟಿ.