ವೃತ್ತದ ಪ್ರಮೇಯಗಳು: ಬರೆದ ಕಾರಣವೇ ನಿಜವಾದ ಕಾರಣವಾ?

10ನೇ ತರಗತಿ, ಗಣಿತ ಅಭ್ಯಾಸ ಹಾಳೆ
ಸಮಯ: 40 ನಿಮಿಷ, ಅಂಕ: 20

ಹೋದ ವಾರದ ಕಿರು ಪರೀಕ್ಷೆಯಲ್ಲಿ ನೀವು ಕಂಡುಹಿಡಿದ ಕೋನಗಳು ಹೆಚ್ಚುಕಡಿಮೆ ಎಲ್ಲ ಸರಿ ಇದ್ದವು. ಪಕ್ಕದಲ್ಲಿ ಬರೆದ ಕಾರಣಗಳಲ್ಲೇ ತೊಂದರೆ. ನೆನಪಿಗೆ ಬಂದ ಯಾವುದೋ ಪ್ರಮೇಯವನ್ನು ಸುಮ್ನೆ ಬರೆದಂತೆ ಇತ್ತು. ಅದಕ್ಕೇ ಈ ಹಾಳೆ. ಇಲ್ಲಿ ಲೆಕ್ಕ ಮಾಡಿ ಕೊಟ್ಟಿದೆ, ಕಾರಣವನ್ನೂ ಬರೆದಿದೆ. ಆ ಕಾರಣ ಆ ಕೋನಕ್ಕೆ ಹೊಂದುತ್ತದೆಯೇ ಎಂದು ನೀವು ನೋಡಬೇಕು. ಹೊಂದದಿದ್ದರೆ ಸರಿಯಾದ ಕಾರಣ ಬರೆಯಿರಿ. ಎಲ್ಲವೂ ತಪ್ಪು ಎಂದುಕೊಳ್ಳಬೇಡಿ.

ಪ್ರತಿ ಪ್ರಶ್ನೆಗೂ ಮೊದಲು ಕೈವಾರ, ಸ್ಕೇಲು ಹಿಡಿದು ಚಿತ್ರ ಬರೆಯಿರಿ. ಚಿತ್ರವಿಲ್ಲದೆ ಈ ಕೆಲಸ ಆಗುವುದಿಲ್ಲ.

ಮಾದರಿ

O ಕೇಂದ್ರವಿರುವ ವೃತ್ತದಲ್ಲಿ ∠AOB = 100°. C ಬಿಂದು ಅಧಿಕ ಕಂಸದ ಮೇಲಿದೆ.
ಉತ್ತರ: ∠ACB = 50°. ಕಾರಣ: ಒಂದೇ ವೃತ್ತಖಂಡದ ಕೋನಗಳು ಸಮ.

ಈ ಕಾರಣವನ್ನು ಹಾಗೇ ನಂಬಿ ಲೆಕ್ಕ ಮಾಡಿ ನೋಡಿ. ಕೋನಗಳು ಸಮ ಎಂದರೆ ∠ACB ಕೂಡ 100° ಬರಬೇಕಿತ್ತು, ಅಲ್ವಾ? ಬಂದಿರುವುದು ಅರ್ಧ. ಅಂದರೆ ಬಳಸಿದ ಪ್ರಮೇಯ ಬೇರೆ: ಕಂಸವು ಕೇಂದ್ರದಲ್ಲಿ ಉಂಟುಮಾಡುವ ಕೋನ, ಅದು ವೃತ್ತದ ಉಳಿದ ಭಾಗದ ಮೇಲೆ ಉಂಟುಮಾಡುವ ಕೋನದ ಎರಡರಷ್ಟು. ಕೆಳಗಿನ ಪ್ರತಿ ಸಾಲನ್ನೂ ಹೀಗೇ ಪರೀಕ್ಷಿಸಿ. ಬರೆದ ಕಾರಣದಿಂದ ಅದೇ ಸಂಖ್ಯೆ ಬರುತ್ತದೆಯೇ? ಆ ಕಾರಣಕ್ಕೆ ಬೇಕಾದ ವ್ಯಾಸ, ಸ್ಪರ್ಶಕ, ಸಮಾಂತರ ರೇಖೆ ಚಿತ್ರದಲ್ಲಿ ಇದೆಯೇ?

ಪ್ರಶ್ನೆ 1. AB ವ್ಯಾಸ. C ವೃತ್ತದ ಮೇಲಿದೆ. ∠CAB = 35°.
ಅ) ∠ACB = 90°. ಕಾರಣ: ತ್ರಿಜ್ಯವು ಸ್ಪರ್ಶಕಕ್ಕೆ ಲಂಬ.
ಆ) ∠CBA = 55°. ಕಾರಣ: ಅರ್ಧವೃತ್ತದಲ್ಲಿನ ಕೋನ.

ಪ್ರಶ್ನೆ 2. PQRS ಚಕ್ರೀಯ ಚತುರ್ಭುಜ. ∠P = 78°.
ಅ) ∠R = 102°. ಕಾರಣ: ಚತುರ್ಭುಜದ ಕೋನಗಳ ಮೊತ್ತ 360°.
ಆ) ಈಗ ∠Q = 90° ಎಂದೂ ಕೊಟ್ಟಿದೆ. ∠S = 90°. ಕಾರಣ: ಅರ್ಧವೃತ್ತದಲ್ಲಿನ ಕೋನ.

ಪ್ರಶ್ನೆ 3. A, B, C, D ಇದೇ ಕ್ರಮದಲ್ಲಿ ವೃತ್ತದ ಮೇಲಿವೆ. AC, BD ಜ್ಯಾಗಳು E ಬಿಂದುವಿನಲ್ಲಿ ಸೇರುತ್ತವೆ. ∠BAC = 32°, ∠ABD = 40°.
ಅ) ∠BDC = 32°. ಕಾರಣ: ಪರ್ಯಾಯ ಕೋನಗಳು.
ಆ) ∠AEB = 108° ಎಂದು ಸಿಕ್ಕಿದೆ. ∠DEC = 108°. ಕಾರಣ: ಶೃಂಗಾಭಿಮುಖ ಕೋನಗಳು.

ಪ್ರಶ್ನೆ 4. O ಕೇಂದ್ರ. ∠AOB = 130°. C ಬಿಂದು ಲಘು ಕಂಸದ ಮೇಲಿದೆ.
ಅ) ∠OAB = 25°. ಕಾರಣ: ಕೇಂದ್ರದ ಕೋನ ಎರಡರಷ್ಟು.
ಆ) ∠ACB = 65°. ಕಾರಣ: ಕೇಂದ್ರದ ಕೋನ ಎರಡರಷ್ಟು. (C ಎಲ್ಲಿದೆ ಎಂದು ಇನ್ನೊಮ್ಮೆ ಓದಿ.)

ಪ್ರಶ್ನೆ 5. P ವೃತ್ತದ ಹೊರಗಿನ ಬಿಂದು. PA, PB ಸ್ಪರ್ಶಕಗಳು ವೃತ್ತವನ್ನು A, Bಗಳಲ್ಲಿ ಮುಟ್ಟುತ್ತವೆ. O ಕೇಂದ್ರ, ∠APB = 70°.
ಅ) ∠PAB = 55°. ಕಾರಣ: ತ್ರಿಜ್ಯವು ಸ್ಪರ್ಶಕಕ್ಕೆ ಲಂಬ.
ಆ) ∠AOB = 110°. ಕಾರಣ: ಚಕ್ರೀಯ ಚತುರ್ಭುಜದ ಅಭಿಮುಖ ಕೋನಗಳ ಮೊತ್ತ 180°.

ಉತ್ತರಗಳು (ಐದೂ ಪ್ರಶ್ನೆ ಮುಗಿದ ಮೇಲೆ ನೋಡಿ)

1. ಅ) ಹೊಂದುವುದಿಲ್ಲ. ಇಲ್ಲಿ ಸ್ಪರ್ಶಕವೇ ಇಲ್ಲ. ಅರ್ಧವೃತ್ತದಲ್ಲಿನ ಕೋನ 90°. ಆ) ಹೊಂದುವುದಿಲ್ಲ. ತ್ರಿಭುಜದ ಕೋನಗಳ ಮೊತ್ತ 180°.

2. ಅ) ಹೊಂದುವುದಿಲ್ಲ. ಒಂದೇ ಕೋನ ಗೊತ್ತಿದ್ದರೆ 360° ಇಟ್ಟುಕೊಂಡು ∠R ಸಿಗದು. ಚಕ್ರೀಯ ಚತುರ್ಭುಜದ ಅಭಿಮುಖ ಕೋನಗಳು ಪರಿಪೂರಕ. ಆ) ಕಾರಣ ಅರ್ಧಕ್ಕೇ ನಿಂತಿದೆ. PR ವ್ಯಾಸ ಎಂದು ಯಾರೂ ಹೇಳಿಲ್ಲ. ∠Q = 90° ಆದ್ದರಿಂದ PR ವ್ಯಾಸ ಎಂದು ಮೊದಲು ಬರೆದರೆ ಪೂರ್ಣ ಅಂಕ. ನೇರವಾಗಿ ಅಭಿಮುಖ ಕೋನಗಳನ್ನು ಬಳಸಿದರೂ ಪೂರ್ಣ ಅಂಕ.

3. ಅ) ಹೊಂದುವುದಿಲ್ಲ. AB, DC ಸಮಾಂತರ ಎಂದು ಕೊಟ್ಟಿಲ್ಲ. BC ಜ್ಯಾದ ಒಂದೇ ವೃತ್ತಖಂಡದ ಕೋನಗಳು ಸಮ. ಆ) ಹೊಂದುತ್ತದೆ.

4. ಅ) ಹೊಂದುವುದಿಲ್ಲ. OA = OB, ಆದ್ದರಿಂದ ಸಮದ್ವಿಬಾಹು ತ್ರಿಭುಜ. ಉಳಿದ 50° ಎರಡು ಸಮ ಪಾಲಾಗುತ್ತದೆ. ಆ) ಪ್ರಮೇಯ ಸರಿ, ಕಂಸ ತಪ್ಪು. C ಲಘು ಕಂಸದ ಮೇಲಿರುವುದರಿಂದ ಕೇಂದ್ರದ ಕೋನ 360° − 130° = 230°. ಹಾಗಾಗಿ ∠ACB = 115°.

5. ಅ) ಹೊಂದುವುದಿಲ್ಲ. ಹೊರಗಿನ ಬಿಂದುವಿನಿಂದ ಎಳೆದ ಸ್ಪರ್ಶಕಗಳು ಸಮ, PA = PB. ಉಳಿದ 110° ಎರಡು ಸಮ ಪಾಲಾಗುತ್ತದೆ. ಆ) ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. ನಮ್ಮ ವೃತ್ತದ ಮೇಲೆ O ಇಲ್ಲ, P ಕೂಡ ಇಲ್ಲ. ಹಾಗಾಗಿ ಬರೆದ ಕಾರಣ ಈ ವೃತ್ತಕ್ಕೆ ಹೊಂದುವುದಿಲ್ಲ. ∠OAP, ∠OBP ಎರಡೂ 90°, ಏಕೆಂದರೆ ತ್ರಿಜ್ಯವು ಸ್ಪರ್ಶಕಕ್ಕೆ ಲಂಬ. ಚತುರ್ಭುಜದ ಮೊತ್ತ 360°ರಿಂದ ಉಳಿದದ್ದು 110°. ಆದರೆ ಹಾಗೆ ಬರೆದವರ ಮಾತಿನಲ್ಲಿ ಒಂದು ನಿಜವೂ ಇದೆ. ಆ ಎರಡು 90°ಗಳ ಮೊತ್ತ 180° ಆಗುವುದರಿಂದ OAPB ಇನ್ನೊಂದು ವೃತ್ತದ ಮೇಲಿದೆ. OP ಅದರ ವ್ಯಾಸ. OPಯ ಮಧ್ಯಬಿಂದುವಿನಲ್ಲಿ ಕೈವಾರ ಇಟ್ಟು ಆ ವೃತ್ತವನ್ನು ಎಳೆಯಿರಿ. ಅದು A, B ಎರಡರ ಮೂಲಕವೂ ಹಾದುಹೋಗುತ್ತದೆ.